ಗುಣಲಬ್ಧ ಹೊಂದಿತು, ಮೊತ್ತ ಹೊಂದಲಿಲ್ಲ: ಒಂದು ಕಲಿಕಾ ಆಪ್ತಸಲಹೆ ಪ್ರಕರಣ

(ಗುರುತು ಸಿಗುವಂಥ ವಿವರಗಳನ್ನು ಕೈಬಿಡಲಾಗಿದೆ.)

ಬಂದವರು ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ, ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದರು. "ಮೇಡಂ, ಐಗನ್ ಮೌಲ್ಯದ ಸೂತ್ರಗಳೆಲ್ಲ ಬಾಯಿಗೆ ಬರುತ್ತವೆ. ಆದರೂ ಉತ್ತರ ತಪ್ಪುತ್ತದೆ, ಎಲ್ಲಿ ತಪ್ಪಿತು ಅಂತ ಗೊತ್ತೇ ಆಗಲ್ಲ" ಎಂಬುದು ಅವರ ಅಳಲು. ಅಭ್ಯಾಸದ ಪುಸ್ತಕದಿಂದ ಅವರೇ ಆರಿಸಿಕೊಂಡ ಲೆಕ್ಕ ಇದು:

```
A = | 4  1 |
    | 2  3 |
```

ಎರಡನೇ ಅಡ್ಡಸಾಲಿನಿಂದ ಮೊದಲನೆಯದರ ಅರ್ಧವನ್ನು ಕಳೆದು, ಕೆಳಗಿನ ಎಡಮೂಲೆಯಲ್ಲಿ ಸೊನ್ನೆ ತಂದಿದ್ದರು. ಕರ್ಣದಲ್ಲಿ ಉಳಿದದ್ದು 4 ಮತ್ತು 2.5. ಅವನ್ನೇ ಐಗನ್ ಮೌಲ್ಯ ಎಂದು ಬರೆದು, ಗುಣಿಸಿ ನೋಡಿದ್ದರು: 10. ಡಿಟರ್ಮಿನೆಂಟ್ ಕೂಡ 12 − 2 = 10. ತಾಳೆಯಾಯಿತೆಂದು ಮುಂದಿನ ಲೆಕ್ಕಕ್ಕೆ ಹೋಗಿದ್ದರು.

ತೊಡಕು ಇರುವುದು ಆ ತಾಳೆಯಲ್ಲೇ. ಒಂದು ಸಾಲಿಗೆ ಇನ್ನೊಂದರ ಗುಣಕವನ್ನು ಕೂಡಿಸಿದರೆ ಡಿಟರ್ಮಿನೆಂಟ್ ಬದಲಾಗುವುದಿಲ್ಲ. ಹಾಗಾಗಿ ಈ ತಪ್ಪನ್ನು ಅದು ಎಂದಿಗೂ ಹಿಡಿದುಕೊಡಲಾರದು. ಹಿಡಿದುಕೊಡುವುದು ಟ್ರೇಸ್: 4 + 3 = 7, ಆದರೆ 4 + 2.5 = 6.5. ನಿಜವಾದ ಮೌಲ್ಯಗಳ ಮೊತ್ತ 7, ಗುಣಲಬ್ಧ 10 ಆಗಬೇಕು. ಅಂದರೆ λ² − 7λ + 10 = 0, ಮೌಲ್ಯಗಳು 5 ಮತ್ತು 2.

ಇಷ್ಟು ಹೇಳಿ ಕಳಿಸಿದ್ದರೆ ಇನ್ನೊಂದು ನಿಯಮ ಬಾಯಿಪಾಠವಾಗುತ್ತಿತ್ತು, ಅಷ್ಟೆ. ಅದಕ್ಕೇ ಮೊದಲು ವೆಕ್ಟರ್ ಹಿಡಿಯಲು ಹೇಳಿದ್ದು. v = (1, 1) ತೆಗೆದುಕೊಂಡರೆ Av = (5, 5); ದಿಕ್ಕು ಅದೇ, ಅಳತೆ ಐದು ಪಟ್ಟು. (1, −2) ಅನ್ನು A ಒಯ್ಯುವುದು (2, −4)ಕ್ಕೆ, ಎರಡು ಪಟ್ಟು. ಸಾಲು ಕಳೆದ ಮೇಲಿನ ಮ್ಯಾಟ್ರಿಕ್ಸಿಗೆ ಅದೇ (1, 1) ಕೊಟ್ಟರೆ ಬರುವುದು (5, 2.5). ದಿಕ್ಕೇ ತಪ್ಪಿತು. ಸಾಲಿನ ಕ್ರಿಯೆ ಐಗನ್ ವೆಕ್ಟರನ್ನು ಉಳಿಸುವುದಿಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡದ್ದು ಆಗಲೇ.

ಉಳಿದ ಎರಡು ತಪ್ಪುಗಳೂ ಇದೇ ದಾರಿಯಲ್ಲಿ ಬಿಡಿಸಿಕೊಂಡವು. ಇನ್ವರ್ಸಿನ ಟ್ರೇಸನ್ನು ಅವರು 1/7 ಎಂದು ಬರೆದಿದ್ದರು. Av = 5v ಆದರೆ, ಎರಡೂ ಕಡೆ A⁻¹ ಹಚ್ಚಿದಾಗ A⁻¹v = v/5. ವೆಕ್ಟರ್ ಅದೇ, ಮೌಲ್ಯ ತಲೆಕೆಳಗು. ಆದ್ದರಿಂದ ಟ್ರೇಸ್ 1/5 + 1/2 = 7/10. ತಲೆಕೆಳಗಾಗುವುದು ಒಂದೊಂದು ಮೌಲ್ಯ, ಅವುಗಳ ಮೊತ್ತವಲ್ಲ. ಡಿಟರ್ಮಿನೆಂಟ್ ಮಾತ್ರ ನೇರವಾಗಿ 1/10 ಆಗುತ್ತದೆ, ಅದು ಗುಣಲಬ್ಧವಾದ್ದರಿಂದ. ಯಾವುದಾದರೂ ಮೌಲ್ಯ ಸೊನ್ನೆಯಾಗಿದ್ದರೆ ಈ ಹೆಜ್ಜೆಯೇ ಇಲ್ಲ: Av = 0, v ಸೊನ್ನೆಯಲ್ಲ, ಹಾಗಾಗಿ A ಕಳೆದುಹಾಕಿದ ವೆಕ್ಟರನ್ನು ಹಿಂದಕ್ಕೆ ತರುವ ಇನ್ವರ್ಸ್ ಇರಲಾರದು.

ಇನ್ನೊಂದು, det(A − 3I) = 10 − 3 = 7 ಎಂದು ಬರೆದದ್ದು. (A − 3I)v = Av − 3v ಆದ್ದರಿಂದ ಮೂರು ಕಳೆಯುವುದು ಪ್ರತಿ ಮೌಲ್ಯದಿಂದ: 2 ಮತ್ತು −1. ಗುಣಲಬ್ಧ −2. ನೇರವಾಗಿಯೂ ನೋಡಬಹುದು, A − 3I ಯ ಸಾಲುಗಳು (1, 1) ಮತ್ತು (2, 0), ಡಿಟರ್ಮಿನೆಂಟ್ 0 − 2. ಇದರ ಇನ್ವರ್ಸಿನ ಮೌಲ್ಯಗಳು 1/2 ಮತ್ತು −1. ಸಂಖ್ಯೆ 2 ಅಥವಾ 5 ಅನ್ನು ಕಳೆದಿದ್ದರೆ ಒಂದು ಮೌಲ್ಯ ಸೊನ್ನೆಯಾಗಿ ಇನ್ವರ್ಸ್ ಇಲ್ಲವಾಗುತ್ತಿತ್ತು. det(A − λI) = 0 ಎಂಬ ಸಮೀಕರಣ ಕೇಳುತ್ತಿರುವುದೂ ಇದನ್ನೇ: ಎಷ್ಟು ಕಳೆದರೆ ಇನ್ವರ್ಸ್ ಕೈತಪ್ಪುತ್ತದೆ?

"ಹಾಗಾದರೆ A + B ಗೂ ಮೌಲ್ಯಗಳನ್ನು ಕೂಡಿಸಬಹುದಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಆಗದು. I ಗೆ ಪ್ರತಿಯೊಂದು ವೆಕ್ಟರೂ ಐಗನ್ ವೆಕ್ಟರ್, ಅದಕ್ಕೇ A ಯ v ಅಲ್ಲಿಯೂ ನಡೆಯುತ್ತದೆ. B ಯ ಐಗನ್ ವೆಕ್ಟರುಗಳು ಬೇರೆಯಾಗಿದ್ದರೆ ಕೂಡಿಸಲು ಆಧಾರವೇ ಇಲ್ಲ.

ಕೊಟ್ಟ ಸಲಹೆ: ಮೌಲ್ಯ ಸಿಕ್ಕ ಕೂಡಲೇ ಮೊದಲು ಟ್ರೇಸ್, ಆಮೇಲೆ ಡಿಟರ್ಮಿನೆಂಟ್ ತಾಳೆ ನೋಡುವುದು, ಎರಡೂ ಬೇಕೇ ಬೇಕು. ಮರುಕಳಿಸಿದ ಮೌಲ್ಯವನ್ನು ಅಷ್ಟೂ ಸಲ ಎಣಿಸಬೇಕು, ಸಂಕೀರ್ಣ ಮೌಲ್ಯಗಳನ್ನು ಬಿಡಬಾರದು. ಸಾಲುಗಳು (0, −1) ಮತ್ತು (1, 0) ಇರುವ ಮ್ಯಾಟ್ರಿಕ್ಸಿನಲ್ಲಿ i ಮತ್ತು −i ಸೇರಿಸಿದರೇ ಮೊತ್ತ 0, ಗುಣಲಬ್ಧ 1 ಬರುವುದು. 3×3 ಲೆಕ್ಕದಲ್ಲಿ ಈ ಎರಡು ತಾಳೆ ಹೊಂದಿದರೂ ಮೌಲ್ಯಗಳು ತಪ್ಪಿರಬಹುದು, ಏಕೆಂದರೆ ಮೂರು ಅಜ್ಞಾತಗಳಿಗೆ ಎರಡೇ ಸಮೀಕರಣ. ಅಲ್ಲಿ ಕರ್ಣದ ಮೇಲೆ ಕೂರುವ ಮೂರು 2×2 ಡಿಟರ್ಮಿನೆಂಟುಗಳ ಮೊತ್ತವನ್ನು, ಮೌಲ್ಯಗಳನ್ನು ಎರಡೆರಡಾಗಿ ಗುಣಿಸಿ ಕೂಡಿಸಿದ ಮೊತ್ತದೊಂದಿಗೆ ಹೋಲಿಸಬೇಕು.