ಕಿವಿ ಮುಂದೆ, ಕಣ್ಣು ಹಿಂದೆ: ಒಂದು ಓದಿನ ತೊಡಕಿನ ಪ್ರಕರಣ

ಡಿಸ್ಲೆಕ್ಸಿಯಾ ಇರುವ ಮಗುವಿಗೆ ಪಾಠಗಳನ್ನು ಧ್ವನಿಮುದ್ರಣದಲ್ಲಿ ಕೇಳಿಸಬಹುದು ಎಂದು ನಾನು ಸಲಹೆ ಕೊಟ್ಟಾಗಲೆಲ್ಲ ಎರಡು ಬಗೆಯ ಪೋಷಕರನ್ನು ಕಾಣುತ್ತೇನೆ. ಕೇಳುವುದಕ್ಕೆ ಬಿಟ್ಟರೆ ಮಗು ಓದುವುದನ್ನೇ ಮರೆಯುತ್ತದೆ ಎಂದು ಕೆಲವರು ಹೆದರುತ್ತಾರೆ. ಕೇಳುತ್ತಾ ಹೋದರೆ ಓದು ತಾನಾಗಿ ಬರುತ್ತದೆ ಎಂದು ಇನ್ನು ಕೆಲವರು ನಂಬುತ್ತಾರೆ. ಈ ಎರಡೂ ನಿಲುವುಗಳು ಒಂದೇ ಮನೆಯಲ್ಲಿದ್ದ ಪ್ರಕರಣವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕೊಟ್ಟ ಮೊದಲ ಸಲಹೆಯೇ ಅರೆಬರೆಯಾಗಿತ್ತು ಎಂಬುದು ಇದನ್ನು ಬರೆಯಲು ಮುಖ್ಯ ಕಾರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ ಹನ್ನೆರಡು ವರ್ಷ. ದೃಷ್ಟಿ ಮತ್ತು ಶ್ರವಣ ಪರೀಕ್ಷೆಗಳಲ್ಲಿ ಯಾವ ದೋಷವೂ ಕಂಡಿರಲಿಲ್ಲ, ಡಿಸ್ಲೆಕ್ಸಿಯಾ ಇದೆಯೆಂದು ತಜ್ಞರು ಮೊದಲೇ ಗುರುತಿಸಿದ್ದರು. ನನ್ನ ಬಳಿ ಬಂದಾಗ ಒಂದು ಸರಳ ಹೋಲಿಕೆ ಮಾಡಿದೆ. ಅವಳ ತರಗತಿಯ ಮಟ್ಟದ ಒಂದು ಪುಟವನ್ನು ನಾನೇ ಓದಿ ಹೇಳಿ ಆರು ಪ್ರಶ್ನೆ ಕೇಳಿದಾಗ ಐದಕ್ಕೆ ಸರಿಯಾದ ಉತ್ತರ ಬಂತು. ಅದೇ ಮಟ್ಟದ ಇನ್ನೊಂದು ಪುಟವನ್ನು ಅವಳೇ ಓದಿದಾಗ ಎರಡಕ್ಕೆ ಮಾತ್ರ ಉತ್ತರಿಸಿದಳು. ಗಟ್ಟಿಯಾಗಿ ಓದಿದ ವೇಗ ನಿಮಿಷಕ್ಕೆ 28 ಪದ. ಓದಿ ಅರ್ಥಮಾಡಿಕೊಳ್ಳುವ ಶಕ್ತಿಯು ಅಕ್ಷರ ಬಿಡಿಸುವ ಶಕ್ತಿ ಮತ್ತು ಕೇಳಿ ಗ್ರಹಿಸುವ ಶಕ್ತಿ ಇವೆರಡರ ಗುಣಲಬ್ಧ ಎಂದು ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಮುಂದಿಟ್ಟ ಸರಳ ಸೂತ್ರವೊಂದಿದೆ. ಒಂದು ತೀರ ಕಡಿಮೆಯಿದ್ದರೆ ಇನ್ನೊಂದು ಎಷ್ಟಿದ್ದರೂ ಫಲ ಸಣ್ಣದೇ ಆಗಿರುತ್ತದೆ ಎಂಬುದು ಅದರ ಸಾರ. ಈ ಹುಡುಗಿಯ ಕೇಳಿ ಗ್ರಹಿಸುವ ಶಕ್ತಿ ಚೆನ್ನಾಗಿತ್ತು, ತೊಡಕಿದ್ದದ್ದು ಅಕ್ಷರ ಬಿಡಿಸುವಲ್ಲಿ.

ಹಾಗಾಗಿ ಪಠ್ಯದ ಭಾಗಗಳನ್ನು ತಾಯಿ ಫೋನಿನಲ್ಲಿ ಓದಿ ಮುದ್ರಿಸಿಡಬೇಕು, ಮಗಳು ಪುಸ್ತಕ ತೆರೆದು ಸಾಲಿನ ಕೆಳಗೆ ಬೆರಳಿಟ್ಟು ಅದನ್ನು ಕೇಳಬೇಕು, ಆಮೇಲೆ ತಾನೇ ಓದಬೇಕು ಎಂದು ಹೇಳಿ ಕಳಿಸಿದೆ. ಒಂದೇ ತುಣುಕನ್ನು ಹಲವು ಸಲ ಓದಿಸಿ ಸರಾಗತೆ ತರುವ ವಿಧಾನ ಹೊಸದೇನಲ್ಲ, 1970ರ ದಶಕದಿಂದಲೂ ಬಳಕೆಯಲ್ಲಿದೆ. ಅದರ ಜೊತೆಗೆ ಹೇಳಲೇಬೇಕಾಗಿದ್ದ ಒಂದು ಎಚ್ಚರಿಕೆಯನ್ನು ನಾನು ಹೇಳಲಿಲ್ಲ.

ಮೂರು ವಾರಗಳ ನಂತರದ ಭೇಟಿಯಲ್ಲಿ ತಾಯಿಯ ಮುಖದಲ್ಲಿ ಸಂತೋಷ ಎದ್ದು ಕಾಣುತ್ತಿತ್ತು. ಇರುವೆಗಳ ಬಗೆಗಿನ 72 ಪದಗಳ ಒಂದು ತುಣುಕನ್ನು ಹುಡುಗಿ ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ಓದಿದಳು. ಮೊದಲ ವಾರ ಅದಕ್ಕೆ ಎರಡೂವರೆ ನಿಮಿಷಕ್ಕಿಂತ ಹೆಚ್ಚು ಬೇಕಾಗಿತ್ತು. ತಾಯಿ ಕಣ್ಣೊರೆಸಿಕೊಂಡರು. ತಂದೆಯೂ ತಲೆಯಾಡಿಸಿದರು. ಆದರೆ ಅವಳ ಬೆರಳು ಒಂದು ಕಡೆ ಇದ್ದಾಗ ಬಾಯಿ ಇನ್ನೊಂದು ಕಡೆ ಇತ್ತು. ಸಾಲು ಮುಗಿಯುವ ಮೊದಲೇ ಮುಂದಿನ ಸಾಲಿನ ಮೊದಲ ಪದ ಅವಳ ಬಾಯಿಂದ ಬಂದುಬಿಡುತ್ತಿತ್ತು. ನಾನು ಅದೇ ತುಣುಕನ್ನು ಕೊನೆಯಿಂದ ಮೊದಲಿಗೆ, ಒಂದೊಂದೇ ಪದವಾಗಿ ಓದುವಂತೆ ಕೇಳಿದೆ.

ಇಪ್ಪತ್ತು ಪದಗಳಲ್ಲಿ ಹನ್ನೊಂದು ತಪ್ಪಿದವು ಇಲ್ಲವೇ ನಿಂತುಹೋದವು. ಕೆಲವೇ ಕ್ಷಣಗಳ ಹಿಂದೆ ಸರಾಗವಾಗಿ ಹೇಳಿದ್ದ ‘ಸೇರಿಕೊಂಡಿತು’ ಈಗ ‘ಸೇರಿತು’ ಆಯಿತು, ‘ಸ್ಥಳ’ ‘ಸಳ’ ಆಯಿತು, ‘ಪರ್ವತ’ ‘ಪವ್ರತ’ ಆಯಿತು. ‘ಸಂಗ್ರಹಿಸುತ್ತವೆ’ ಎಂಬಲ್ಲಿ ಅವಳು ನಿಂತೇಬಿಟ್ಟಳು. ಕೋಣೆ ನಿಶ್ಶಬ್ದವಾಯಿತು. ತಂದೆ ನಿಧಾನವಾಗಿ, “ಹಾಗಾದರೆ ಇದು ಬಾಯಿಪಾಠ. ನಾನು ಮೊದಲೇ ಹೇಳಿದ್ದೆ ಮೇಡಂ, ಕೇಳಿಸಿ ಕಲಿಸಿದರೆ ಅದು ಓದೇ ಅಲ್ಲ” ಎಂದರು. ತಾಯಿಗೆ ಏನೂ ಹೇಳಲಾಗಲಿಲ್ಲ. ಮಗಳು ತಲೆ ತಗ್ಗಿಸಿದ್ದಳು. ಆ ಪರೀಕ್ಷೆಯನ್ನು ಅವರಿಬ್ಬರ ಎದುರಿಗೇ ಮಾಡಿದ್ದು ನನ್ನ ತಪ್ಪು. ಅದನ್ನು ಆಗಲೇ ಒಪ್ಪಿಕೊಂಡು, ಹುಡುಗಿಯ ಬಳಿ ಕ್ಷಮೆ ಕೇಳಿದೆ.

ಸ್ವಲ್ಪ ಹೊತ್ತು ಬಿಟ್ಟು, ಓದುವಾಗ ಏನಾಗುತ್ತದೆ ಎಂದು ಅವಳನ್ನೇ ಕೇಳಿದೆ. ಅವಳು ಯೋಚಿಸಿ ಹೇಳಿದ ಮಾತನ್ನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ: “ಅಮ್ಮನ ದನಿ ನೆನಪಿರತ್ತೆ ಮೇಡಂ. ಕಿವಿ ಮುಂದೆ ಹೋಗಿಬಿಡತ್ತೆ, ಕಣ್ಣು ಹಿಂದೆ ಉಳಿದುಬಿಡತ್ತೆ. ಆಮೇಲೆ ಕಣ್ಣಿಗೆ ಕೆಲಸಾನೇ ಇರಲ್ಲ.”

ನನ್ನ ಸಲಹೆಯಲ್ಲಿ ಏನು ತಪ್ಪಿತ್ತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ. ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದು ಅವಳ ಶಕ್ತಿ, ಅಕ್ಷರ ಬಿಡಿಸುವುದು ಅವಳ ಕಷ್ಟ. ಎರಡನ್ನೂ ಒಂದೇ ತುಣುಕಿಗೆ, ಒಂದೇ ಹೊತ್ತಿಗೆ ಕಟ್ಟಿದರೆ ಬಲವಾದದ್ದು ದುರ್ಬಲವಾದದ್ದರ ಕೆಲಸವನ್ನು ಮಾಡಿ ಮುಗಿಸಿಬಿಡುತ್ತದೆ. ಮಗು ಮೋಸ ಮಾಡುತ್ತಿಲ್ಲ, ತನಗೆ ಸಿಕ್ಕ ಹತ್ತಿರದ ದಾರಿಯಲ್ಲಿ ನಡೆಯುತ್ತಿದೆ ಅಷ್ಟೆ.

ಧ್ವನಿಮುದ್ರಣವನ್ನು ನಿಲ್ಲಿಸಬೇಕೆಂದು ತಂದೆ ಬಯಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನಿಮಿಷಕ್ಕೆ 28 ಪದ ಓದುವ ಮಗು ವಿಜ್ಞಾನವನ್ನೂ ಇತಿಹಾಸವನ್ನೂ ಕಣ್ಣಿನಿಂದಲೇ ಕಲಿಯಬೇಕೆಂದು ಹಟ ಹಿಡಿದರೆ, ಓದು ಸುಧಾರಿಸುವಷ್ಟರಲ್ಲಿ ಅದು ಜ್ಞಾನದಲ್ಲಿಯೂ ಶಬ್ದಸಂಪತ್ತಿನಲ್ಲಿಯೂ ಹಿಂದೆ ಬೀಳುತ್ತದೆ, ಮತ್ತು ಪದದ ಪರಿಚಯವೇ ಇಲ್ಲದಿದ್ದಾಗ ಆ ಪದವನ್ನು ಬಿಡಿಸಿ ಓದುವುದು ಇನ್ನಷ್ಟು ಕಷ್ಟವಾಗುತ್ತದೆ. ಓದಿನ ತೊಡಕನ್ನು ಅಜ್ಞಾನವಾಗಿ ಬೆಳೆಯಗೊಡುವುದು ನನಗೆ ಸರಿಯೆನಿಸುವುದಿಲ್ಲ. ಮುದ್ರಿತ ಪುಸ್ತಕವನ್ನು ಓದಲಾಗದವರಿಗೆ ಓದಬಲ್ಲ ರೂಪದಲ್ಲಿ ಪುಸ್ತಕ ಸಿಗಬೇಕೆಂಬ 2013ರ ಮರ್ರಕೇಶ್ ಒಪ್ಪಂದವು ದೃಷ್ಟಿದೋಷ ಉಳ್ಳವರ ಜೊತೆಗೆ ಓದಿನ ತೊಡಕು ಉಳ್ಳವರನ್ನೂ ಸೇರಿಸಿಕೊಂಡಿದೆ ಎಂಬುದನ್ನು ಆ ತಂದೆಗೆ ತಿಳಿಸಿದೆ. ಅವರಿಗೆ ಅದು ಹೊಸ ಸಂಗತಿಯಾಗಿತ್ತು, ಮತ್ತು ಅಲ್ಲಿಂದ ಮುಂದೆ ನಮ್ಮ ಮಾತು ಸ್ವಲ್ಪ ಮೆದುವಾಯಿತು.

ಅಂದು ನಾವು ಕೇಳುವ ಕೆಲಸವನ್ನೂ ಓದುವ ಕೆಲಸವನ್ನೂ ಬೇರೆ ಮಾಡಿದೆವು. ಪಾಠದ ವಿಷಯ ತಿಳಿಯಲು ಧ್ವನಿಮುದ್ರಣ. ಆಗ ಪುಸ್ತಕ ತೆರೆದಿರಬೇಕಾಗಿಲ್ಲ, ಐದಾರು ನಿಮಿಷ ಕೇಳಿದ ಮೇಲೆ ನಿಲ್ಲಿಸಿ ಏನು ತಿಳಿಯಿತೆಂದು ತನ್ನ ಮಾತಿನಲ್ಲಿ ಹೇಳಬೇಕು. ಹೇಳಲಾಗದಿದ್ದರೆ ಅದು ಕಿವಿಯ ಮೇಲೆ ಬಿದ್ದು ಹೋಗಿದೆ ಎಂದರ್ಥ, ಆ ಭಾಗವನ್ನು ಮತ್ತೆ ಕೇಳಬೇಕು. ನಕ್ಷೆ, ಕೋಷ್ಟಕ ಮತ್ತು ಗಣಿತದ ಲೆಕ್ಕಗಳಿಗೆ ಈ ಕ್ರಮ ಒಗ್ಗುವುದಿಲ್ಲವಾದ್ದರಿಂದ ಅವುಗಳನ್ನು ಪಕ್ಕದಲ್ಲಿ ಕುಳಿತೇ ತೋರಿಸಬೇಕು.

ಓದಿನ ಅಭ್ಯಾಸ ಬೇರೆ ಹೊತ್ತಿನಲ್ಲಿ, ಬೇರೆ ತುಣುಕಿನಲ್ಲಿ, ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ ನಡೆಯಬೇಕು. ಮೊದಲ ಏಳೆಂಟು ನಿಮಿಷ ಅಕ್ಷರದ ಕೆಲಸಕ್ಕೆ ಮೀಸಲು. ಅವಳ ತಪ್ಪುಗಳನ್ನು ಬರೆದು ನೋಡಿದಾಗ ಹೆಚ್ಚಿನವು ಎರಡು ಜಾಗಗಳಲ್ಲಿ ಗುಂಪುಗೂಡಿದ್ದವು. ಮೊದಲನೆಯದು ಒತ್ತಕ್ಷರ, ಅದರಲ್ಲಿಯೂ ಅರ್ಕಾವತ್ತು. ‘ಪರ್ವತ’ದಲ್ಲಿ ಮೊದಲು ಉಚ್ಚರಿಸಬೇಕಾದ ರಕಾರದ ಗುರುತನ್ನು ನಾವು ವಕಾರದ ನಂತರ ಬರೆಯುತ್ತೇವೆ. ಕಣ್ಣಿನ ಕ್ರಮವೂ ನಾಲಿಗೆಯ ಕ್ರಮವೂ ಇಲ್ಲಿ ಹಿಂದುಮುಂದಾಗಿರುವುದರಿಂದ ‘ಪವ್ರತ’ ಎಂದದ್ದು ಅಜಾಗರೂಕತೆಯಲ್ಲ, ಅವಳು ಕಂಡ ಕ್ರಮದಲ್ಲಿಯೇ ಓದಿದ್ದಳು. ಹಾಗಾಗಿ ಒಂದು ವಾರ ಪೂರ್ತಿ ಸೂರ್ಯ, ಕಾರ್ಯ, ಮಾರ್ಗ, ವರ್ಷ ಇಂಥ ಪದಗಳನ್ನಷ್ಟೇ ಎತ್ತಿಕೊಂಡು, ಗುರುತನ್ನು ಕೆಂಪು ಪೆನ್ಸಿಲಿನಲ್ಲಿ ಸುತ್ತಿ, ಅದರ ದನಿಯನ್ನು ಮೊದಲು ಹೇಳಿ, ಆಮೇಲೆ ಪದವನ್ನು ಕೂಡಿಸಿ ಓದಿ ಬರೆಯುವುದು. ಎರಡನೆಯದು ಉದ್ದನೆಯ ಪದಗಳು. ಪ್ರತ್ಯಯಗಳು ಒಂದರ ಮೇಲೊಂದು ಸೇರಿಕೊಳ್ಳುವ ನಮ್ಮ ಭಾಷೆಯಲ್ಲಿ ‘ಮನೆಗಳಲ್ಲಿದ್ದವರಿಗೆ’ ಎಂಬ ಒಂದು ಪದವೇ ಅವಳಿಗೆ ಒಂದು ಸಾಲಿನಷ್ಟು ಭಾರ. ಅದನ್ನು ‘ಮನೆಗಳಲ್ಲಿ’, ‘ಇದ್ದವರಿಗೆ’ ಎಂದು ಪೆನ್ಸಿಲಿನಿಂದ ಸೀಳಿ, ತುಂಡುಗಳನ್ನು ಓದಿ, ಮತ್ತೆ ಜೋಡಿಸುವುದನ್ನು ಕಲಿಸಿದೆವು.

ಉಳಿದ ಸಮಯದಲ್ಲಿ ಆ ವಾರದ ಅಕ್ಷರಗಳೇ ಹೆಚ್ಚಾಗಿರುವ 60ರಿಂದ 80 ಪದಗಳ ತುಣುಕನ್ನು ಓದಬೇಕು. ಇಲ್ಲಿ ಕ್ರಮ ತಿರುವುಮುರುವಾಯಿತು: ಮೊದಲು ಅವಳೇ ಓದುತ್ತಾಳೆ, ತಡವರಿಸಿದ ಪದದ ಕೆಳಗೆ ಗೆರೆ ಎಳೆಯುತ್ತಾರೆ, ಆ ನಂತರವೇ ತಾಯಿಯ ದನಿ ಬರುತ್ತದೆ, ಅದೂ ನಿಧಾನ ವೇಗದಲ್ಲಿ, ಗೆರೆ ಎಳೆದ ಪದಗಳನ್ನು ಸರಿನೋಡಿಕೊಳ್ಳಲು. ನಾಲ್ಕು ದಿನ ಒಂದೇ ತುಣುಕು. ಐದನೆಯ ದಿನ ಅವೇ ಪದಗಳಲ್ಲಿ ಹತ್ತನ್ನು ಕ್ರಮಗೆಡಿಸಿ ಬರೆದು ಓದಿಸಬೇಕು, ಜೊತೆಗೆ ಎಂದೂ ಕೇಳದ ಒಂದು ಹೊಸ ತುಣುಕನ್ನು ಕೊಡಬೇಕು. ವೇಗವನ್ನು ಆ ಹೊಸ ತುಣುಕಿನ ಮೇಲೆ ಮಾತ್ರ ಅಳೆಯಬೇಕು. ಪರಿಚಿತ ತುಣುಕಿನ ವೇಗ ಸಂತೋಷ ಕೊಡುತ್ತದೆ, ಆದರೆ ಓದು ಎಲ್ಲಿದೆ ಎಂಬುದನ್ನು ತಿಳಿಸುವುದಿಲ್ಲ. ನಾನು ಮೊದಲು ಹೇಳದೆ ಬಿಟ್ಟದ್ದು ಇದೇ ಎಚ್ಚರಿಕೆ.

ಓದಿನ ತೊಡಕಿನ ಕಾರಣಕ್ಕೆ ಪರೀಕ್ಷೆಯಲ್ಲಿ ಅವಳಿಗೆ ಸಿಗುವ ಹೆಚ್ಚುವರಿ ಸಮಯದ ಬಗ್ಗೆಯೂ ತಂದೆಗೆ ಅಳುಕಿತ್ತು, ಅದು ಬೇರೆ ಮಕ್ಕಳಿಗೆ ಅನ್ಯಾಯವಾಗುವುದಿಲ್ಲವೇ ಎಂದು ಕೇಳಿದರು. ನಾವು ಕುಳಿತು ಲೆಕ್ಕ ಹಾಕಿದೆವು. ಅವಳ ಒಂದು ಪ್ರಶ್ನೆಪತ್ರಿಕೆಯಲ್ಲಿ ಸುಮಾರು 420 ಪದಗಳಿದ್ದವು. ನಿಮಿಷಕ್ಕೆ 84 ಪದ ಓದುವ ಮಗುವಿಗೆ ಅದನ್ನು ಒಮ್ಮೆ ಓದಲು ಐದು ನಿಮಿಷ ಸಾಕು, ಇವಳಿಗೆ ಹದಿನೈದು ಬೇಕು. ಪ್ರತಿ ಪ್ರಶ್ನೆಯನ್ನು ಎಲ್ಲರೂ ಎರಡು ಸಲವಾದರೂ ಓದುತ್ತಾರೆ, ಇವಳು ಮೂರು ಸಲ ಓದುತ್ತಾಳೆ. ಹಾಗೆ ನೋಡಿದರೆ ಇವಳಿಗೆ ಮುಕ್ಕಾಲು ಗಂಟೆ, ಆ ಮಗುವಿಗೆ ಹತ್ತು ನಿಮಿಷ. ತೊಂಬತ್ತು ನಿಮಿಷದ ಪರೀಕ್ಷೆಗೆ ಸಿಕ್ಕ ಮೂವತ್ತು ನಿಮಿಷ ಆ ಅಂತರವನ್ನೂ ಪೂರ್ತಿಯಾಗಿ ತುಂಬುವುದಿಲ್ಲ. ತಂದೆ ಅಂಕಿಗಳನ್ನು ಎರಡು ಸಲ ನೋಡಿ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಆದರೂ ಹೆಚ್ಚುವರಿ ಸಮಯ ಸಿಕ್ಕ ಮೊದಲ ಪರೀಕ್ಷೆಯಲ್ಲಿ ಕೊನೆಯ ಎರಡು ಪ್ರಶ್ನೆಗಳು ಖಾಲಿ ಉಳಿದಿದ್ದವು. ವಿಚಾರಿಸಿದಾಗ, ಸಮಯ ಇದೆಯಲ್ಲ ಎಂಬ ಧೈರ್ಯದಲ್ಲಿ ಮೊದಲ ಪ್ರಶ್ನೆಯನ್ನೇ ಮತ್ತೆ ಮತ್ತೆ ಓದುತ್ತಿದ್ದಳೆಂದು ತಿಳಿಯಿತು. ಸಮಯವನ್ನು ಕೊಟ್ಟರೆ ಸಾಲದು, ಅದನ್ನು ಖರ್ಚು ಮಾಡುವ ಅಭ್ಯಾಸವೂ ಬೇಕು. ಮನೆಯಲ್ಲಿ ಗಡಿಯಾರವಿಟ್ಟು ನಾಲ್ಕು ಹಳೆಯ ಪತ್ರಿಕೆಗಳನ್ನು ಬರೆಸಿದೆವು. ಮೊದಲ ಹದಿನೈದು ನಿಮಿಷದಲ್ಲಿ ಪೂರ್ತಿ ಪತ್ರಿಕೆಯನ್ನು ಒಂದೇ ಸಲ ಓದಿ ‘ವಿವರಿಸಿ’, ‘ಹೋಲಿಸಿ’, ‘ಪಟ್ಟಿ ಮಾಡಿ’ ಎಂಬ ಪದಗಳ ಕೆಳಗೆ ಗೆರೆ ಎಳೆಯುವುದು, ಗೊತ್ತಿರುವುದನ್ನು ಮೊದಲು ಬರೆಯುವುದು, ಕೊನೆಯ ಹತ್ತು ನಿಮಿಷದಲ್ಲಿ ಬಿಟ್ಟುಹೋದ ಪ್ರಶ್ನೆ ಇದೆಯೇ ಎಂದು ಎಣಿಸುವುದು. ಮುಂದಿನ ಪರೀಕ್ಷೆಯಲ್ಲಿ ಯಾವ ಪ್ರಶ್ನೆಯೂ ಖಾಲಿ ಉಳಿಯಲಿಲ್ಲ.

ಏಳು ತಿಂಗಳಾದ ಮೇಲೆ, ಎಂದೂ ಕೇಳದ ತುಣುಕಿನ ಮೇಲೆ ಅವಳ ವೇಗ ನಿಮಿಷಕ್ಕೆ 44 ಪದ. ಇದು ಅವಳ ಸಹಪಾಠಿಗಳ ವೇಗಕ್ಕಿಂತ ಕಡಿಮೆ, ಮತ್ತು ಅದು ಅವರಷ್ಟೇ ಆಗುತ್ತದೆ ಎಂಬ ಭರವಸೆಯನ್ನು ನಾನು ಆ ಮನೆಯವರಿಗೆ ಕೊಟ್ಟಿಲ್ಲ. ಅರ್ಕಾವತ್ತು ಈಗ ಬಹುಮಟ್ಟಿಗೆ ಸರಿಯಾಗಿ ಬರುತ್ತದೆ, ಬರವಣಿಗೆಯಲ್ಲಿ ಒತ್ತಕ್ಷರ ಇನ್ನೂ ಬಿಟ್ಟುಹೋಗುತ್ತದೆ. ವಿಜ್ಞಾನದ ಪಾಠಗಳ ಧ್ವನಿಮುದ್ರಣವನ್ನು ಈಗ ತಂದೆ ಮಾಡುತ್ತಾರೆ. ಕಳೆದ ಭೇಟಿಯಲ್ಲಿ ಹುಡುಗಿ ಹೊಸ ತುಣುಕನ್ನು ಓದಿ ಮುಗಿಸಿ, ನಾನು ಕೇಳುವ ಮೊದಲೇ ಪುಟದ ಕೊನೆಯ ಪದಕ್ಕೆ ಬೆರಳಿಟ್ಟು ಹಿಂದಕ್ಕೆ ಓದತೊಡಗಿದಳು.