ಸ್ಲಿಂಗ್ ಬ್ಯಾಗ್ ಹಾಕಿದರೆ ಒಂದೇ ಭುಜಕ್ಕೆ ನೋವು

"ಲ್ಯಾಪ್‌ಟಾಪ್ ಇಟ್ಟು ಸ್ಲಿಂಗ್ ಬ್ಯಾಗ್ ಹಾಕಿಕೊಂಡ್ರೆ ಬಲಭುಜ ನೋಯುತ್ತೆ. ದಪ್ಪ ಪ್ಯಾಡಿಂಗ್ ಇರೋದು ತಗೊಳ್ಲಾ? ಬಸ್ಸಲ್ಲಿ ಜಿಪ್ ಭಯ ಬೇರೆ."

ಬಹುಶಃ ಪ್ಯಾಡಿಂಗ್ ಅಲ್ಲ, ಇಡೀ ತೂಕ ಒಂದೇ ಕಡೆ ಬೀಳುತ್ತಿರುವುದು ಕಾರಣ. ಬ್ಯಾಗ್ ಜಾರದಿರಲಿ ಅಂತ ನಮಗೇ ಗೊತ್ತಿಲ್ಲದೆ ಆ ಭುಜವನ್ನು ಎತ್ತಿ ಹಿಡಿದಿರುತ್ತೇವೆ. ಕತ್ತಿನ ಪಕ್ಕ ಬಿಗಿಯುವುದು ಅದಕ್ಕೇ.

ಮೊದಲು ತುಂಬಿದ ಬ್ಯಾಗ್ ತೂಗಿ. ಚಾರ್ಜರ್, ನೀರಿನ ಬಾಟಲಿ ಸೇರಿ 3 ಕಿಲೋ ದಾಟಿದರೆ, ನನ್ನ ಪ್ರಕಾರ ಸ್ಲಿಂಗ್ ಬಿಟ್ಟು ಎರಡು ಪಟ್ಟಿಯದನ್ನೇ ತಗೊಳ್ಳಿ. ಕಡಿಮೆ ಇದ್ದರೆ 5 ಸೆಂ.ಮೀ. ಅಗಲದ ಪಟ್ಟಿ ನೋಡಿ. ಭುಜದ ಪ್ಯಾಡ್ ಪಟ್ಟಿಯ ಮೇಲೆ ಸರಿಯುವಂತಿರಬೇಕು, ಇಲ್ಲದಿದ್ದರೆ ಉದ್ದ ಬದಲಿಸಿದಾಗ ಅದು ಬೆನ್ನಿಗೆ ಹೋಗಿ ಕೂರುತ್ತದೆ. ಪಟ್ಟಿಯನ್ನು ಎದೆಗೆ ಅಡ್ಡಲಾಗಿ ಹಾಕಿ, ಬ್ಯಾಗ್ ತೊಡೆಗೆ ಬಡಿಯದೆ ಸೊಂಟದ ಹತ್ತಿರ ನಿಲ್ಲುವಷ್ಟು ಗಿಡ್ಡ ಮಾಡಿ. ಎಡಭುಜಕ್ಕೂ ಹಾಕಿ ನೋಡಿ. ಕೆಲವು ಸ್ಲಿಂಗ್‌ಗಳು ಒಂದೇ ಕಡೆಗೆ ಹೊಲಿದಿರುತ್ತವೆ, ಅವು ಬೇಡ.

ಪ್ಯಾಡಿಂಗ್ ನೋಡಬೇಕಾದ್ದು ತಳದಲ್ಲಿ. ಲ್ಯಾಪ್‌ಟಾಪ್ ಅರೆಯೊಳಗೆ ಕೈ ಇಳಿಸಿ, ಹೊರಗಿನಿಂದ ಇನ್ನೊಂದು ಕೈಯಲ್ಲಿ ಬ್ಯಾಗಿನ ತಳ ಒತ್ತಿ. ನಡುವೆ ಎರಡು ಬೆರಳಷ್ಟು ಅಂತರ ಇರಬೇಕು. ಇಲ್ಲ ಅಂದರೆ ಬ್ಯಾಗ್ ನೆಲಕ್ಕಿಟ್ಟಾಗಲೆಲ್ಲ ಪೆಟ್ಟು ನೇರ ಲ್ಯಾಪ್‌ಟಾಪ್ ಅಂಚಿಗೇ.

ಜಿಪ್‌ಗೆ ಸಣ್ಣ ಬೀಗ ಸುಮ್ನೆ ಧೈರ್ಯಕ್ಕೆ ಅಷ್ಟೇ. ನೈಲಾನ್ ಸುರುಳಿಯ ಜಿಪ್ಪನ್ನು ಬಾಲ್‌ಪೆನ್ ಮೊನೆಯಿಂದ ಒತ್ತಿ ಬಿಡಿಸಬಹುದು, ರನ್ನರ್ ಮತ್ತೆ ಎಳೆದರೆ ಗುರುತೂ ಉಳಿಯುವುದಿಲ್ಲ. ಲ್ಯಾಪ್‌ಟಾಪ್ ಅರೆಯ ಜಿಪ್ ನಿಮ್ಮ ಮೈಗೆ ಒತ್ತಿಕೊಳ್ಳುವ ಬದಿಯಲ್ಲಿರುವ ಬ್ಯಾಗನ್ನೇ ಆರಿಸಿ. ಬಸ್ಸಲ್ಲಿ ಅದನ್ನು ಮುಂದಕ್ಕೆ ತಂದುಕೊಳ್ಳಿ.

ಕೈಬೆರಳು ಜುಮ್ಮೆನ್ನುತ್ತಿದ್ದರೆ ಮಾತ್ರ ಬ್ಯಾಗ್ ಬದಲಿಸಿ ನೋಡೋಣ ಅಂತ ಕಾಯಬೇಡಿ, ಡಾಕ್ಟರಿಗೆ ತೋರಿಸಿ.