ಎರಡು ಗುಂಪು, ಎರಡು p: ಸಂಪಾದಕರಿಗೆ ಏನು ಬರೆಯುವುದು?

ಪ್ರಶ್ನೆ: ಔಷಧ ಕೊಟ್ಟ ಗುಂಪಿನಲ್ಲಿ p = 0.02, ಕೊಡದ ಗುಂಪಿನಲ್ಲಿ p = 0.23. ಹಾಗಾಗಿ ಔಷಧ ಫಲಿಸಿದೆ ಅಂತ ಒಂದು ಪ್ರಬಂಧ ಹೇಳುತ್ತದೆ. ಸಂಪಾದಕರಿಗೆ ಮರ್ಯಾದೆಯಿಂದ ಹೇಗೆ ಬರೆಯಲಿ?

ಉತ್ತರ: ಲೇಖಕರು ಗುಂಪುಗಳನ್ನು ನೇರವಾಗಿ ಹೋಲಿಸಿಯೇ ಇಲ್ಲ. ಪತ್ರದಲ್ಲಿ ಅದೊಂದನ್ನೇ ಹಿಡಿಯಿರಿ, ಅವರದೇ ಅಂಕಿಗಳಿಂದ ಲೆಕ್ಕ ತೋರಿಸಿ. ರಕ್ತದೊತ್ತಡ ಒಂದು ಗುಂಪಿನಲ್ಲಿ 12, ಇನ್ನೊಂದರಲ್ಲಿ 6 ಇಳಿದಿದೆ, ಎರಡಕ್ಕೂ ಸ್ಟ್ಯಾಂಡರ್ಡ್ ಎರರ್ 5 ಅಂದುಕೊಳ್ಳಿ. ವ್ಯತ್ಯಾಸ 6. ಅದರ ಎರರ್ √(25+25), ಅಂದರೆ ಸುಮಾರು 7. ವ್ಯತ್ಯಾಸಕ್ಕಿಂತ ಎರರೇ ಜಾಸ್ತಿ ಆಯ್ತಲ್ವಾ? p ಸುಮಾರು 0.4 ಬರುತ್ತದೆ, ಅಂದರೆ ಗುಂಪುಗಳ ನಡುವೆ ನಿಜವಾದ ವ್ಯತ್ಯಾಸ ಇದೆ ಅನ್ನಲು ಈ ಅಂಕಿಗಳು ಸಾಲವು.

‘ಔಷಧ ಫಲಿಸಿಲ್ಲ’ ಅಂತ ಮಾತ್ರ ಬರೆಯಬೇಡಿ, ಈ ಲೆಕ್ಕ ಅದನ್ನೂ ಸಾಬೀತು ಮಾಡುವುದಿಲ್ಲ. ಲೇಖಕರ ಉದ್ದೇಶದ ಮಾತು ಸುಮ್ನೆ ಎತ್ತಬೇಡಿ. ‘ಗುಂಪುಗಳ ನಡುವಿನ ವ್ಯತ್ಯಾಸವನ್ನು ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ ಜೊತೆ ಲೇಖಕರು ತಿಳಿಸಿದರೆ ಉಪಕಾರವಾಗುತ್ತದೆ’ ಎಂದು ಕೇಳಿ.